22 ಮಿ.ಮೀ. ಬೇರಿಂಗ್ ಫೋಟೋದಲ್ಲಿ 22.88 ಆದದ್ದು ಹೇಗೆ: ವರ್ನಿಯರ್ ಓದಿನ ದೋಷ ಪತ್ತೆ

ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಓದುತ್ತಿರುವ ಹುಡುಗನೊಬ್ಬ ಎರಡು ಫೋಟೋ ಕಳುಹಿಸಿದ. ಒಂದರಲ್ಲಿ ವರ್ನಿಯರ್ ಕ್ಯಾಲಿಪರ್‌ನ ದವಡೆಗಳು ಪೂರ್ತಿ ಮುಚ್ಚಿವೆ. ಇನ್ನೊಂದರಲ್ಲಿ ಅವುಗಳ ನಡುವೆ ಒಂದು ಬಾಲ್ ಬೇರಿಂಗ್ ಇದೆ. ಜೊತೆಗೆ ಒಂದು ಸಾಲು: "ಸಾರ್, ಹೊರವ್ಯಾಸ 22.88 ಮಿ.ಮೀ. ಬರ್ತಿದೆ, ಸರಿನಾ ನೋಡಿ."

ಸರಿಯಲ್ಲ ಎಂದು ಗೆರೆಗಳನ್ನು ನೋಡುವ ಮೊದಲೇ ಹೇಳಬಹುದಿತ್ತು. ಬೇರಿಂಗಿನ ಮೇಲೆ 608 ಎಂದು ಕೊರೆದಿತ್ತು. ಯಾವ ಕಂಪನಿ ಮಾಡಿದರೂ 608ರ ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ಅಗಲ 7 ಮಿ.ಮೀ. ಹೊರವ್ಯಾಸದಲ್ಲಿ ಬಿಡುವ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, ಅದೂ ಕಡಿಮೆಯ ಕಡೆಗೆ ಮಾತ್ರ. ಸ್ಕೇಟಿಂಗ್ ಚಕ್ರಗಳಲ್ಲೂ ಸಣ್ಣ ಮೋಟಾರುಗಳಲ್ಲೂ ಇರುವ ಈ ಬೇರಿಂಗ್ ಅಗ್ಗಕ್ಕೆ ಸಿಗುತ್ತದೆ. ಸ್ಲಿಪ್ ಗೇಜ್ ಇಲ್ಲದ ಲ್ಯಾಬಿನಲ್ಲಿ ಕ್ಯಾಲಿಪರ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ. ಅಳತೆ ಮೊದಲೇ ಗೊತ್ತಿರುವ ವಸ್ತುವನ್ನು ಅಳೆದಾಗ ಸಿಗುವ ದೊಡ್ಡ ಲಾಭವೆಂದರೆ, ಓದು ಎಷ್ಟು ತಪ್ಪಿದೆ ಎಂಬ ಅಂಕಿ ಕೈಗೆ ಬರುತ್ತದೆ. ಇಲ್ಲಿ ಅದು 0.88. ಈ ಅಂಕಿಯೇ ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ಮೊದಲು ಸ್ಕೇಲ್ ಯಾವುದೆಂದು ಖಚಿತ ಮಾಡಿಕೊಳ್ಳಿ

ಪಿಯುಸಿ ಲ್ಯಾಬಿನ ಕ್ಯಾಲಿಪರ್‌ಗಳಲ್ಲಿ ಸಾಮಾನ್ಯವಾಗಿ ವರ್ನಿಯರ್‌ನ 10 ಭಾಗಗಳು ಮುಖ್ಯ ಸ್ಕೇಲಿನ 9 ಮಿ.ಮೀ.ಗೆ ಸಮ. ಲೀಸ್ಟ್ ಕೌಂಟ್ 0.1 ಮಿ.ಮೀ., ಅಂದರೆ 0.01 ಸೆಂ.ಮೀ. ವರ್ಕ್‌ಶಾಪಿನಲ್ಲಿ ಹೆಚ್ಚಾಗಿ ಸಿಗುವುದರಲ್ಲಿ 50 ಭಾಗಗಳು 49 ಮಿ.ಮೀ.ಗೆ ಸಮ. ಮುಖ್ಯ ಸ್ಕೇಲಿನ ಒಂದು ಭಾಗ 1 ಮಿ.ಮೀ., ವರ್ನಿಯರ್‌ನ ಒಂದು ಭಾಗ 0.98 ಮಿ.ಮೀ., ವ್ಯತ್ಯಾಸ 0.02 ಮಿ.ಮೀ. ಹುಡುಗನ ಫೋಟೋದಲ್ಲಿದ್ದದ್ದು ಈ ಎರಡನೆಯದು.

ಈ ವರ್ನಿಯರ್ ಮೇಲೆ 0ಯಿಂದ 10ರವರೆಗೆ ಅಂಕಿಗಳಿವೆ, ಎರಡು ಅಂಕಿಗಳ ನಡುವೆ ಐದು ಭಾಗಗಳಿವೆ. ಆ ಅಂಕಿಗಳು ಗೆರೆಗಳ ಎಣಿಕೆಯಲ್ಲ, ಮಿಲಿಮೀಟರಿನ ಹತ್ತನೇ ಭಾಗಗಳು. ಅಂದರೆ 9 ಎಂದು ಬರೆದಿರುವುದು 45ನೇ ಗೆರೆ, ಅದರ ಬೆಲೆ 0.90. ಒಂಬತ್ತನ್ನು 0.02ರಿಂದ ಗುಣಿಸಿ 0.18 ಎಂದು ಬರೆದ ಉತ್ತರಗಳನ್ನು ನೋಡಿದ್ದೇನೆ. ಹಾಗೆ ಮಾಡಿದವರ ಉತ್ತರ ಅಡ್ಡಾದಿಡ್ಡಿ ಅಂಕಿಯಷ್ಟು ತಪ್ಪಿರುತ್ತದೆ, ಮುಂದೆ ಹೇಳುವ ಯಾವ ಮಾದರಿಗೂ ಹೊಂದುವುದಿಲ್ಲ. ನಮ್ಮ ಹುಡುಗ ಇಲ್ಲಿ ಎಡವಿರಲಿಲ್ಲ.

0.88 ಅನ್ನು ಬಿಡಿಸಿ ನೋಡುವುದು

ಕ್ಯಾಲಿಪರ್ ಓದಿನಲ್ಲಿ ದೊಡ್ಡ ತಪ್ಪುಗಳು ಕೆಲವೇ, ಪ್ರತಿಯೊಂದಕ್ಕೂ ತನ್ನದೇ ಗಾತ್ರವಿದೆ. ಮುಖ್ಯ ಸ್ಕೇಲಿನಲ್ಲಿ ಒಂದು ಗೆರೆ ಆಚೀಚೆಯಾದರೆ ಸರಿಯಾಗಿ 1.00 ಮಿ.ಮೀ. ತಪ್ಪುತ್ತದೆ. ಶೂನ್ಯ ದೋಷವನ್ನು ತಿದ್ದಲು ಮರೆತರೆ ಶೂನ್ಯ ದೋಷದಷ್ಟೇ ತಪ್ಪುತ್ತದೆ. ಕೂಡಿಸಬೇಕಾದಲ್ಲಿ ಕಳೆದರೆ ಅಥವಾ ಕಳೆಯಬೇಕಾದಲ್ಲಿ ಕೂಡಿಸಿದರೆ ಅದರ ಎರಡರಷ್ಟು ತಪ್ಪುತ್ತದೆ. ಕ್ಯಾಮೆರಾ ನಿಂತ ಜಾಗದಿಂದ ಬರುವ ತಪ್ಪು ಇವುಗಳಂತೆ ನಿಶ್ಚಿತವಲ್ಲ. ಅದು ಒಂದೆರಡು ಗೆರೆಯಿಂದ ಐದಾರು ಗೆರೆಯವರೆಗೆ ಹೊಯ್ದಾಡುತ್ತದೆ, ಫೋಟೋ ಬದಲಾದಂತೆ ಬದಲಾಗುತ್ತದೆ.

ಮುಚ್ಚಿದ ದವಡೆಗಳ ಫೋಟೋ ಪ್ರಕಾರ ಈ ಉಪಕರಣದ ಶೂನ್ಯ ದೋಷ −0.06 ಮಿ.ಮೀ. ಅದನ್ನು ಓದಿದ ಬಗೆ ಮುಂದೆ ಬರುತ್ತದೆ. ಅದರ ಎರಡರಷ್ಟು 0.12. ಈಗ 1.00ರಲ್ಲಿ 0.12 ಕಳೆಯಿರಿ, 0.88 ಬಂತು. ಅಂದರೆ ಇಲ್ಲಿ ಎರಡು ತಪ್ಪುಗಳು ಒಟ್ಟಿಗೆ ಸೇರಿವೆ: ಮುಖ್ಯ ಸ್ಕೇಲನ್ನು ಒಂದು ಗೆರೆ ಹೆಚ್ಚಾಗಿ ಓದಲಾಗಿದೆ, ತಿದ್ದುಪಡಿಯ ಚಿಹ್ನೆ ತಿರುಗಿದೆ. ಅವನ ಲೆಕ್ಕದ ಹಾಳೆ ತರಿಸಿ ನೋಡಿದಾಗ ಅಲ್ಲಿ ಇದ್ದದ್ದು ಹೀಗೆ:

```
22 + 0.94 = 22.94
22.94 − 0.06 = 22.88
```

ಎರಡು ತಪ್ಪುಗಳು ಒಂದನ್ನೊಂದು ಭಾಗಶಃ ಮುಚ್ಚಿಕೊಂಡಾಗ ಉತ್ತರ ನೋಡಿದರೆ ಏನೂ ಹೊಳೆಯುವುದಿಲ್ಲ. ಆದ್ದರಿಂದ ಶೂನ್ಯ ದೋಷವೆಷ್ಟು ಎಂಬುದನ್ನು ಮೊದಲು ಬೇರೆಯಾಗಿ ಗೊತ್ತು ಮಾಡಿಕೊಂಡು, ಆಮೇಲೆ ಅದರ ಗುಣಕಗಳನ್ನೂ ಪೂರ್ಣ ಮಿಲಿಮೀಟರನ್ನೂ ಕೂಡಿಸಿ ಕಳೆದು ನೋಡಬೇಕು.

ಮುಚ್ಚಿದ ದವಡೆಯ ಫೋಟೋ

ಇದನ್ನೇ ಮೊದಲು ಓದಿ. ಫೋಟೋದಲ್ಲಿ ವರ್ನಿಯರ್‌ನ ಸೊನ್ನೆ ಮುಖ್ಯ ಸ್ಕೇಲಿನ ಸೊನ್ನೆಗಿಂತ ಕೂದಲೆಳೆಯಷ್ಟು ಎಡಕ್ಕಿತ್ತು. ಎಡಕ್ಕಿದ್ದರೆ ಋಣ ದೋಷ, ಬಲಕ್ಕಿದ್ದರೆ ಧನ ದೋಷ. ಎಷ್ಟು ಎಂಬುದಕ್ಕೆ ಕೂಡುವ ಗೆರೆ ಹುಡುಕಿದರೆ 9ರ ನಂತರದ ಎರಡನೆಯ ಗೆರೆ, ಅಂದರೆ 47ನೆಯದು, ಮುಖ್ಯ ಸ್ಕೇಲಿನ ಗೆರೆಯೊಂದಿಗೆ ನೇರವಾಗಿ ಕೂಡಿದೆ.

ಇಲ್ಲಿ ಶೂನ್ಯ ದೋಷ 0.94 ಎಂದು ಬರೆಯುವವರಿದ್ದಾರೆ. ಬೇರಿಂಗಿನ ಓದಿನಲ್ಲಿ ಅದನ್ನು ಕಳೆದರೆ ಉತ್ತರ 21.00 ಬರುತ್ತದೆ, ಮತ್ತೆ ಒಂದು ಮಿಲಿಮೀಟರಿನ ತಪ್ಪು. ಪುಸ್ತಕಗಳಲ್ಲಿ ಕೊಡುವ ವಿಧಾನ ಐವತ್ತರಲ್ಲಿ ನಲವತ್ತೇಳನ್ನು ಕಳೆದು, ಉಳಿದ ಮೂರನ್ನು 0.02ರಿಂದ ಗುಣಿಸಿ, ಮುಂದೆ ಋಣ ಚಿಹ್ನೆ ಹಾಕುವುದು. ಉತ್ತರ ಸರಿ. ಆದರೆ ಅದು ಋಣ ದೋಷಕ್ಕೆಂದೇ ಬೇರೆಯಾಗಿ ನೆನಪಿಡಬೇಕಾದ ಸೂತ್ರವಾಗುತ್ತದೆ, ಪರೀಕ್ಷೆಯ ಗಡಿಬಿಡಿಯಲ್ಲಿ ತಲೆಕೆಳಗಾಗುತ್ತದೆ.

ನಾನು ಹೇಳಿಕೊಡುವುದು ಇನ್ನೊಂದು ದಾರಿ. ವರ್ನಿಯರ್ ಸೊನ್ನೆಯ ಎಡಕ್ಕೆ ತಕ್ಷಣ ಸಿಗುವ ಮುಖ್ಯ ಸ್ಕೇಲಿನ ಗೆರೆಯೇ ಯಾವತ್ತೂ ಮುಖ್ಯ ಓದು. ಈ ಫೋಟೋದಲ್ಲಿ ಆ ಗೆರೆ 0 ಅಲ್ಲ, ಅದಕ್ಕಿಂತ ಒಂದು ಹಿಂದಿನದು, ಅಂದರೆ −1. ಕೆಲವು ಕ್ಯಾಲಿಪರ್‌ಗಳಲ್ಲಿ ಸೊನ್ನೆಯ ಹಿಂದೆ ಗೆರೆಯನ್ನೇ ಕೊರೆದಿರುವುದಿಲ್ಲ, ಆಗ ಅದನ್ನು ಮನಸ್ಸಿನಲ್ಲಿ ಎಳೆದುಕೊಳ್ಳಿ. ಈಗ ಎಂದಿನಂತೆ ಕೂಡಿಸಿ:

```
−1 + 0.94 = −0.06
```

ಚಿಹ್ನೆ ತಾನಾಗಿಯೇ ಬಂತು. ಧನ ದೋಷವಿದ್ದಾಗ ಎಡದ ಗೆರೆ 0 ಆಗಿರುತ್ತದೆ, ಮೂರನೇ ಗೆರೆ ಕೂಡಿದರೆ 0 + 0.06 ಎಂದಾಗುತ್ತದೆ. ಎರಡಕ್ಕೂ ಒಂದೇ ವಿಧಾನ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಫೋಟೋ ಮಾತ್ರ ಕೈಗೆ ಬಂದವರು ಇದನ್ನು ಕೇಳುವುದಿಲ್ಲ. ಶೂನ್ಯ ದೋಷ ನಿಜವಾದದ್ದೇ, ಇಲ್ಲ ಕೊಳೆಯೇ? ದವಡೆಗಳ ನಡುವೆ ಎಣ್ಣೆಯಂಟಿದ ಧೂಳೋ ಲೋಹದ ಪುಡಿಯೋ ಕೂತಿದ್ದರೆ ಅವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಆಗ ಧನ ದೋಷ ಕಾಣುತ್ತದೆ. ದವಡೆಗಳ ನಡುವೆ ತೆಳುವಾದ ಸ್ವಚ್ಛ ಕಾಗದ ಇಟ್ಟು, ಹಗುರವಾಗಿ ಮುಚ್ಚಿ, ಕಾಗದವನ್ನು ಎಳೆದು ತೆಗೆದ ಮೇಲೆ ಆ ದೋಷ ಮಾಯವಾದರೆ ಅದು ಕೊಳೆ. ಋಣ ದೋಷ ಕೊಳೆಯಿಂದ ಬರಲು ಸಾಧ್ಯವಿಲ್ಲ. ಅದು ದವಡೆಗಳ ಮುಖ ಸವೆದದ್ದರಿಂದ ಅಥವಾ ವರ್ನಿಯರ್ ಪಟ್ಟಿ ಸ್ಕ್ರೂ ಸಡಿಲವಾಗಿ ಜರುಗಿದ್ದರಿಂದ ಬರುತ್ತದೆ. ಸರಿಯುವ ಭಾಗ ಸಡಿಲವಿದ್ದು, ಗಟ್ಟಿಯಾಗಿ ಒತ್ತಿದಾಗ ವಾಲಿದರೂ ಬರುತ್ತದೆ. ಮುಚ್ಚಿದ ದವಡೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆಳಕಿನ ಸಂದು ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು ಎಂಬಂತೆ ಕಂಡರೆ ಶೂನ್ಯ ದೋಷ ದವಡೆಯ ಎಲ್ಲ ಕಡೆಯೂ ಒಂದೇ ಆಗಿಲ್ಲ. ಅಂಥ ಉಪಕರಣಕ್ಕೆ ಒಂದೇ ಅಂಕಿಯ ತಿದ್ದುಪಡಿ ಹಾಕುವುದು ವ್ಯರ್ಥ. ಹುಡುಗನಿಗೆ ಮೂರು ಸಲ ತೆರೆದು ಮುಚ್ಚಿ ನೋಡಲು ಹೇಳಿದೆ. ಮೂರೂ ಸಲ 47ನೇ ಗೆರೆಯೇ ಕೂಡಿತು, ಬೆಳಕಿನ ಸಂದೂ ಇರಲಿಲ್ಲ. ಹಾಗಾಗಿ −0.06 ನಂಬಬಹುದಾದ ದೋಷ.

ಬೇರಿಂಗಿನ ಫೋಟೋ: 22 ಏಕೆ ಅಲ್ಲ

ಎರಡನೇ ಫೋಟೋದಲ್ಲಿ ವರ್ನಿಯರ್ ಸೊನ್ನೆ 22ರ ಗೆರೆಯ ಮೇಲೆಯೇ ಕೂತಂತೆ ಕಾಣುತ್ತದೆ. ನಿಜವಾಗಿ ಅದು 22ಕ್ಕಿಂತ 0.06 ಮಿ.ಮೀ. ಎಡಕ್ಕಿದೆ. ಗೆರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುವಾಗ ಫೋಟೋದಲ್ಲಿ ಈ ಅಂತರ ಕಣ್ಣಿಗೆ ಸಿಗುವುದು ಕಷ್ಟ. ಹುಡುಗ 22 ಎಂದು ಬರೆದುಕೊಂಡು, ಕೂಡುವ ಗೆರೆ 47 ಎಂದು ಸರಿಯಾಗಿಯೇ ಗುರುತಿಸಿ, 22.94 ಎಂದು ಮಾಡಿದ್ದ.

ಈ ಎರಡು ಮಾತುಗಳು ಪರಸ್ಪರ ಹೊಂದುವುದಿಲ್ಲ ಎಂಬುದನ್ನು ಗಮನಿಸಿದರೆ ದೋಷ ಅಲ್ಲೇ ಸಿಕ್ಕಿಬೀಳುತ್ತದೆ. 47ನೇ ಗೆರೆ ಕೂಡಿದೆ ಎಂದರೆ ವರ್ನಿಯರ್ ಸೊನ್ನೆ ಯಾವುದೋ ಒಂದು ಮಿ.ಮೀ. ಗೆರೆಯನ್ನು ದಾಟಿ 0.94ರಷ್ಟು ಮುಂದೆ ಬಂದಿದೆ ಎಂದರ್ಥ. ಅಂದರೆ ಮುಂದಿನ ಗೆರೆಯನ್ನು ಇನ್ನೇನು ಮುಟ್ಟಲಿದೆ. ಅದು 22ರ ಹತ್ತಿರ ಕಾಣುತ್ತಿದ್ದರೆ, ಮುಟ್ಟಲಿರುವುದು 22, ದಾಟಿದ್ದು 21. ಓದು 22.94 ಆಗಿದ್ದರೆ ಸೊನ್ನೆ 23ರ ಗೆರೆಯ ಹತ್ತಿರ ಕಾಣಬೇಕಿತ್ತು.

ಸೊನ್ನೆ ಒಂದು ಮಿ.ಮೀ. ಗೆರೆಯ ಮೇಲೆ ಕೂತಂತೆ ಕಂಡಾಗಲೆಲ್ಲ ಕಣ್ಣನ್ನು ನಂಬಬೇಡಿ, ಕೂಡುವ ಗೆರೆಯನ್ನು ಕೇಳಿ. ಅದು ವರ್ನಿಯರ್‌ನ ಬಲ ತುದಿಯ ಹತ್ತಿರ, 8 ಅಥವಾ 9ರ ಆಚೆ ಇದ್ದರೆ, ಸೊನ್ನೆ ಆ ಗೆರೆಯನ್ನು ಇನ್ನೂ ಮುಟ್ಟಿಲ್ಲ, ಹಿಂದಿನ ಗೆರೆಯನ್ನೇ ಬರೆಯಿರಿ. ಎಡ ತುದಿಯ ಹತ್ತಿರ, 1 ಅಥವಾ 2ರ ಒಳಗೆ ಇದ್ದರೆ, ಮುಟ್ಟಿ ದಾಟಿದೆ, ಅದನ್ನೇ ಬರೆಯಿರಿ. ಕೂಡುವ ಗೆರೆ 5ರ ಆಸುಪಾಸಿನಲ್ಲಿದ್ದು ಸೊನ್ನೆ ಮಾತ್ರ ಒಂದು ಗೆರೆಯ ಮೇಲೆ ಕೂತಂತೆ ಕಂಡರೆ, ಆ ಎರಡರಲ್ಲಿ ಒಂದನ್ನು ನೀವು ತಪ್ಪಾಗಿ ನೋಡಿದ್ದೀರಿ. ಆಗ ಸೊನ್ನೆ ಎರಡು ಗೆರೆಗಳ ಸರಿಮಧ್ಯದಲ್ಲಿರಬೇಕು.

ಹೀಗೆ ಬೇರಿಂಗಿನ ಓದು 21 + 0.94 = 21.94.

ಕೂಡುವುದೋ ಕಳೆಯುವುದೋ

ಸರಿಯಾದ ಅಳತೆ ಎಂದರೆ ಓದಿನಲ್ಲಿ ಶೂನ್ಯ ದೋಷವನ್ನು ಚಿಹ್ನೆ ಸಮೇತ ಕಳೆದದ್ದು. ಇದನ್ನು ನಿಯಮವಾಗಿ ಉರುಹೊಡೆಯುವುದಕ್ಕಿಂತ ದವಡೆಯ ಪಯಣವಾಗಿ ನೋಡುವುದು ಒಳ್ಳೆಯದು. ದವಡೆ ಮುಚ್ಚಿದ್ದಾಗ ವರ್ನಿಯರ್ ಸೊನ್ನೆ ನಿಂತಿದ್ದು −0.06ರಲ್ಲಿ. ಬೇರಿಂಗ್ ಹಿಡಿದಾಗ ನಿಂತದ್ದು 21.94ರಲ್ಲಿ. ಅದು ಎಷ್ಟು ದೂರ ಸರಿಯಿತೋ ಬೇರಿಂಗ್ ಅಷ್ಟು ದೊಡ್ಡದು. ಸೊನ್ನೆಯವರೆಗೆ ಬರಲು 0.06, ಅಲ್ಲಿಂದ ಮುಂದೆ 21.94, ಒಟ್ಟು 22.00.

```
21.94 − (−0.06) = 22.00
```

ನೀವು ಫೋಟೋ ನೋಡಿಯೇ ಪರೀಕ್ಷಿಸಬಹುದಾದ ಒಂದು ಗುರುತು ಇಲ್ಲಿದೆ. ಎರಡೂ ಫೋಟೋಗಳಲ್ಲಿ ಒಂದೇ ಗೆರೆ, 47ನೆಯದು, ಕೂಡಿದೆ. ಎಂದರೆ ದವಡೆ ಸರಿದ ದೂರ ಪೂರ್ಣ ಮಿಲಿಮೀಟರುಗಳಲ್ಲೇ ಇರಬೇಕು, ದಶಮಾಂಶ ಉಳಿಯುವ ಹಾಗಿಲ್ಲ. ಉತ್ತರ .88 ಎಂದು ಮುಗಿದದ್ದೇ ಚಿಹ್ನೆ ತಪ್ಪಿದ್ದಕ್ಕೆ ಸಾಕ್ಷಿ. ಕೂಡುವ ಗೆರೆಗಳು ಬೇರೆಬೇರೆಯಾಗಿದ್ದರೂ ಇದೇ ತರ್ಕ ನಡೆಯುತ್ತದೆ: ಅಳತೆಯ ಫೋಟೋದಲ್ಲಿ ಕೂಡಿದ ಗೆರೆಯ ಬೆಲೆಯಲ್ಲಿ ಶೂನ್ಯದ ಫೋಟೋದಲ್ಲಿ ಕೂಡಿದ ಗೆರೆಯ ಬೆಲೆ ಕಳೆದರೆ ಬರುವ ವ್ಯತ್ಯಾಸಕ್ಕೆ ಉತ್ತರದ ದಶಮಾಂಶ ಭಾಗ ಸಮನಾಗಿರಬೇಕು. ವ್ಯತ್ಯಾಸ ಋಣವಾಗಿ ಬಂದರೆ ಒಂದು ಮಿಲಿಮೀಟರ್ ಸೇರಿಸಿಕೊಳ್ಳಿ.

ಮೂರನೇ ಫೋಟೋ: 22.06 ಎಲ್ಲಿಂದ ಬಂತು

ಇಷ್ಟು ಹೇಳಿದ ಮೇಲೆ ಹುಡುಗ ಫೋನನ್ನು ಇನ್ನೂ ಹತ್ತಿರ ಹಿಡಿದು ಬೇರಿಂಗಿನ ಹೊಸ ಫೋಟೋ ತೆಗೆದ. "ಈ ಸಲ ತುಂಬ ಸ್ಪಷ್ಟ ಇದೆ ಸಾರ್, ಆದ್ರೆ 22.06 ಬರ್ತಿದೆ." ಫೋಟೋ ನಿಜಕ್ಕೂ ಸ್ಪಷ್ಟವಾಗಿತ್ತು. 22ರ ಗೆರೆಯೂ ವರ್ನಿಯರ್ ಸೊನ್ನೆಯೂ ಚಿತ್ರದ ನಟ್ಟನಡುವೆ ಇದ್ದವು. ಆದರೆ ಈಗ 47ನೇ ಗೆರೆ ಕೂಡುತ್ತಿರಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಕೂಡಿದಂತೆ ಕಾಣುತ್ತಿದ್ದದ್ದು ಕೊನೆಯ ಗೆರೆ, 10 ಎಂದು ಬರೆದಿರುವುದು. ಅವನು 21 + 1.00 = 22.00 ಎಂದು ಓದಿ, 0.06 ಸೇರಿಸಿದ್ದ. ಲೆಕ್ಕ ಸರಿ, ಚಿಹ್ನೆ ಸರಿ. ತಪ್ಪಿದ್ದು ಕ್ಯಾಮೆರಾ ನಿಂತ ಜಾಗ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಫೋಟೋ ಓದುವವರು ಇದನ್ನೇ ಹೆಚ್ಚಾಗಿ ತಪ್ಪಾಗಿ ತಿಳಿದಿರುತ್ತಾರೆ. ಫೋಟೋ ವಾರೆಯಾಗಿದ್ದರೆ ಓದು ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎರಡು ಗೆರೆಗಳು ಒಂದೇ ಸಮತಲದಲ್ಲಿದ್ದು ತುದಿಗೆ ತುದಿ ಕೂಡಿದ್ದರೆ, ಚಿತ್ರ ಎಷ್ಟೇ ವಾಲಿದರೂ, ಅಂಚಿನಲ್ಲಿ ಎಷ್ಟೇ ಬಾಗಿದರೂ ಅವು ಕೂಡಿಯೇ ಕಾಣುತ್ತವೆ. ತೊಂದರೆ ಬರುವುದು ವರ್ನಿಯರ್ ಮತ್ತು ಮುಖ್ಯ ಸ್ಕೇಲ್ ಒಂದೇ ಎತ್ತರದಲ್ಲಿ ಇಲ್ಲದಿರುವುದರಿಂದ. ವರ್ನಿಯರ್ ಪಟ್ಟಿಯ ಅಂಚು ಮುಖ್ಯ ಸ್ಕೇಲಿಗಿಂತ ತುಸು ಮೇಲಿರುತ್ತದೆ. ಆ ಎತ್ತರ 0.3 ಮಿ.ಮೀ. ಎಂದುಕೊಳ್ಳಿ. ಮೇಲಿರುವ ಗೆರೆಯನ್ನು ಬದಿಯಿಂದ ನೋಡಿದರೆ ಅದು ಕೆಳಗಿನ ಸ್ಕೇಲಿನ ಮೇಲೆ ಆಚೆಗೆ ಸರಿದಂತೆ ಕಾಣುತ್ತದೆ.

ಫೋನ್ 15 ಸೆಂ.ಮೀ. ಎತ್ತರದಲ್ಲಿದೆ, ನೇರ ಕೆಳಗಿರುವುದು ವರ್ನಿಯರ್ ಸೊನ್ನೆ. 47ನೇ ಗೆರೆ ಅಲ್ಲಿಂದ ಸುಮಾರು 46 ಮಿ.ಮೀ. ಬಲಕ್ಕಿದೆ. ಅದು ಎಷ್ಟು ಸರಿದು ಕಾಣುತ್ತದೆ ಎಂಬುದು ಸುಲಭದ ಅನುಪಾತ:

```
0.3 × 46 / 150 = 0.092
```

ಅಂದರೆ 0.09 ಮಿ.ಮೀ., ನಾಲ್ಕು ಗೆರೆಗಿಂತ ಹೆಚ್ಚು. ಸೊನ್ನೆಯ ಹತ್ತಿರದ ಗೆರೆಗಳು ತಮ್ಮ ಜಾಗದಲ್ಲೇ ಇವೆ, ಬಲಕ್ಕೆ ಹೋದಂತೆ ಹೆಚ್ಚು ಹೆಚ್ಚು ಆಚೆ ಸರಿದಿವೆ. ಇಡೀ ವರ್ನಿಯರ್ ಸ್ವಲ್ಪ ಹಿಗ್ಗಿದಂತಾಗಿ, 49 ಮಿ.ಮೀ. ಇರಬೇಕಾದದ್ದು 49.1ರ ಹತ್ತಿರ ಹೋಗಿದೆ. ಕೂಡುವ ಗೆರೆ ಬಲಕ್ಕೆ ಓಡಿ ಕೊನೆಯ ಗೆರೆಗೆ ಬಂದು ನಿಂತಿದೆ. ಫೋನ್ ಹತ್ತಿರ ಬಂದಷ್ಟೂ ಇದು ಹೆಚ್ಚುತ್ತದೆ. ಸ್ಪಷ್ಟತೆಗಾಗಿ ಹತ್ತಿರ ಹೋದದ್ದೇ ಓದನ್ನು ಕೆಡಿಸಿತು.

ಈ ದೋಷವನ್ನು ಫೋಟೋದಿಂದಲೇ ಪತ್ತೆ ಮಾಡಬಹುದು. ವರ್ನಿಯರ್‌ನ ಮೊದಲ ಗೆರೆಗೂ ಕೊನೆಯ ಗೆರೆಗೂ ನಡುವೆ ಸರಿಯಾಗಿ 49 ಮಿ.ಮೀ. ಇರುವುದರಿಂದ, ಸೊನ್ನೆಯ ಗೆರೆ ತನ್ನ ಹತ್ತಿರದ ಮಿ.ಮೀ. ಗೆರೆಯಿಂದ ಯಾವ ಕಡೆಗೆ ಎಷ್ಟು ಸರಿದಿದೆಯೋ ಕೊನೆಯ ಗೆರೆಯೂ ತನ್ನ ಹತ್ತಿರದ ಮಿ.ಮೀ. ಗೆರೆಯಿಂದ ಅದೇ ಕಡೆಗೆ ಅಷ್ಟೇ ಸರಿದಿರಬೇಕು. ಹುಡುಗನ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿದರೆ ಸೊನ್ನೆ 22ರ ಎಡಕ್ಕೆ ಸ್ವಲ್ಪ ಹಿಂದಿತ್ತು. ಕೊನೆಯ ಗೆರೆ 71ರ ಬಲಕ್ಕೆ ಸ್ವಲ್ಪ ಮುಂದಿತ್ತು. ಒಂದು ಎಡಕ್ಕೆ, ಒಂದು ಬಲಕ್ಕೆ. ನಿಜವಾದ ಕ್ಯಾಲಿಪರ್‌ನಲ್ಲಿ ಹೀಗಾಗಲು ಸಾಧ್ಯವೇ ಇಲ್ಲ, ಆದ್ದರಿಂದ ಇದು ಚಿತ್ರದ ದೋಷ. ಮೊದಲ ಎರಡು ಫೋಟೋಗಳಲ್ಲಿ ಎರಡು ತುದಿಗಳೂ ಸಮನಾಗಿ ಎಡಕ್ಕಿದ್ದವು. ಅವನ್ನು ನಂಬಿದ್ದಕ್ಕೆ ಕಾರಣ ಅದೇ.

ಪರಿಹಾರ ಸರಳ. ಕೂಡುವ ಗೆರೆ ಸುಮಾರು ಎಲ್ಲಿದೆ ಎಂದು ಮೊದಲು ಕಣ್ಣಿನಿಂದ ನೋಡಿಕೊಳ್ಳಿ, ಫೋನನ್ನು ಆ ಗೆರೆಯ ನೇರ ಮೇಲಕ್ಕೆ ತನ್ನಿ, ಅದು ಚಿತ್ರದ ನಡುವೆ ಬರಲಿ. ನೇರ ಕೆಳಗಿರುವ ಗೆರೆ ಎತ್ತರದಿಂದಾಗಿ ಎಲ್ಲಿಗೂ ಸರಿಯುವುದಿಲ್ಲ. ಫೋನನ್ನು ಹತ್ತಿರ ತರುವ ಬದಲು ದೂರ ಹಿಡಿದು ಜೂಮ್ ಮಾಡಿ. 60 ಸೆಂ.ಮೀ. ದೂರದಿಂದ ತೆಗೆದರೆ ಮೇಲಿನ 0.09 ಸರಿತ 0.02ರ ಆಸುಪಾಸಿಗೆ ಇಳಿಯುತ್ತದೆ. ಮುಖ್ಯ ಸ್ಕೇಲಿನ ಅಂಕಿಗಳು ಆ ಚೌಕಟ್ಟಿನಲ್ಲಿ ಬಾರದಿದ್ದರೆ ಇನ್ನೊಂದು ಫೋಟೋ ತೆಗೆಯಿರಿ, ಮಿಲಿಮೀಟರಿಗೆ ಒಂದು, ಕೂಡುವ ಗೆರೆಗೆ ಒಂದು. ಶೂನ್ಯದ ಫೋಟೋಗೂ ಇದೇ ಎಚ್ಚರ ಬೇಕು, ಏಕೆಂದರೆ ಅಲ್ಲಿ ಆದ ತಪ್ಪು ಮುಂದಿನ ಪ್ರತಿಯೊಂದು ಅಳತೆಗೂ ಹೋಗುತ್ತದೆ.

ನಾಲ್ಕೈದು ಗೆರೆಗಳು ಒಟ್ಟಿಗೆ ಕೂಡಿದಂತೆ ಕಂಡರೆ

ಫೋಟೋ ಮಸುಕಾಗಿಲ್ಲ, ಕ್ಯಾಮೆರಾ ನೇರವಾಗಿದೆ, ಆದರೂ 45ರಿಂದ 49ರವರೆಗೆ ಎಲ್ಲವೂ ಕೂಡಿದಂತೆಯೇ ಕಾಣುತ್ತವೆ. ಇದಕ್ಕೆ ಕಾರಣ ಪಿಕ್ಸೆಲ್‌ಗಳು. 60 ಮಿ.ಮೀ. ಅಗಲದ ಭಾಗವನ್ನು 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಹಿಡಿದರೆ ಒಂದು ಮಿಲಿಮೀಟರಿಗೆ ಸುಮಾರು 67 ಪಿಕ್ಸೆಲ್, ಅಂದರೆ 0.02 ಮಿ.ಮೀ.ಗೆ ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು. ಅದೇ ಚಿತ್ರ ಕಳುಹಿಸುವಾಗ ಕುಗ್ಗಿ 1600 ಪಿಕ್ಸೆಲ್‌ಗೆ ಇಳಿದರೆ 0.02ಕ್ಕೆ ಅರ್ಧ ಪಿಕ್ಸೆಲ್ ಉಳಿಯುತ್ತದೆ. ಹಾಗಾಗಿ ಫೋಟೋವನ್ನು ಡಾಕ್ಯುಮೆಂಟ್ ಆಗಿ, ಮೂಲ ಗಾತ್ರದಲ್ಲೇ ಕಳುಹಿಸಲು ಹೇಳಿ.

ಕುಗ್ಗಿದ ಫೋಟೋ ಮಾತ್ರ ಇದ್ದರೂ ಒಂದು ಉಪಾಯವಿದೆ. ಕೂಡುವ ಗೆರೆಯನ್ನು ನೇರವಾಗಿ ಹುಡುಕಬೇಡಿ, ಕೂಡದ ಗೆರೆಗಳನ್ನು ಹುಡುಕಿ. ವರ್ನಿಯರ್ ಭಾಗಗಳು ಮುಖ್ಯ ಸ್ಕೇಲಿನವಕ್ಕಿಂತ ಚಿಕ್ಕವು. ಹಾಗಾಗಿ ಕೂಡುವ ಗೆರೆಯ ಎಡಕ್ಕಿರುವ ವರ್ನಿಯರ್ ಗೆರೆಗಳು ತಮ್ಮ ಜೊತೆಗಾರ ಗೆರೆಗಳಿಗಿಂತ ತುಸು ಬಲಕ್ಕೆ, ಬಲಕ್ಕಿರುವವು ತುಸು ಎಡಕ್ಕೆ ಇರುತ್ತವೆ. ಎಡದಿಂದ ಬರುತ್ತ, ಬಲಕ್ಕೆ ಸರಿದಿದೆ ಎಂದು ಖಚಿತವಾಗಿ ಹೇಳಬಹುದಾದ ಕೊನೆಯ ಗೆರೆ ಯಾವುದು ನೋಡಿ, 44 ಎನ್ನಿ. ಬಲದಿಂದ ಬರುತ್ತ, ಎಡಕ್ಕೆ ಸರಿದಿದೆ ಎನ್ನಬಹುದಾದ ಕೊನೆಯದು 50 ಎನ್ನಿ. ಎರಡರ ನಡುವಿನದು 47. ಒಂದೇ ಗೆರೆಯನ್ನು ದಿಟ್ಟಿಸುವುದಕ್ಕಿಂತ ಇದು ಬಹಳ ನಂಬಿಕಸ್ಥ ವಿಧಾನ, ಕಣ್ಣಿನಿಂದ ನೇರವಾಗಿ ಓದುವಾಗಲೂ ನಾನು ಇದನ್ನೇ ಬಳಸುತ್ತೇನೆ. ಕೂಡುವ ಗೆರೆ ತೀರಾ ತುದಿಯಲ್ಲಿದ್ದು ಬಲಕ್ಕೆ ಗೆರೆಗಳೇ ಉಳಿಯದಿದ್ದರೆ ಇನ್ನೊಂದು ತುದಿಯಿಂದ ಮುಂದುವರಿಸಿ. 50ನೇ ಗೆರೆಯ ಸ್ಥಿತಿಯೂ ಸೊನ್ನೆಯ ಸ್ಥಿತಿಯೂ ಒಂದೇ ಆದ್ದರಿಂದ 50ರ ನಂತರದ್ದು 1ನೇ ಗೆರೆ ಎಂದು ಎಣಿಸಬಹುದು.

ಸ್ಕ್ರೂ ಗೇಜ್ ಫೋಟೋ ಬಂದರೆ

ವಿಧಾನ ಅದೇ, ಅಂಕಿ ಬೇರೆ. ವರ್ಕ್‌ಶಾಪಿನ ಮೈಕ್ರೋಮೀಟರಿನಲ್ಲಿ ಪಿಚ್ 0.5 ಮಿ.ಮೀ., ತಿರುಗುವ ಹೆಡ್ ಸ್ಕೇಲಿನಲ್ಲಿ 50 ಭಾಗ, ಲೀಸ್ಟ್ ಕೌಂಟ್ 0.01 ಮಿ.ಮೀ. ಇಲ್ಲಿ ಅತಿ ಸಾಮಾನ್ಯವಾದ ತಪ್ಪಿನ ಗಾತ್ರ ಸರಿಯಾಗಿ 0.50. ಪಿಚ್ 1 ಮಿ.ಮೀ., 100 ಭಾಗ ಇರುವ ಕಾಲೇಜು ಲ್ಯಾಬಿನ ಗೇಜ್‌ನಲ್ಲಿ ಅದು 1.00.

ಅದೇ ಬೇರಿಂಗಿನ 7 ಮಿ.ಮೀ. ಅಗಲವನ್ನು ಮೈಕ್ರೋಮೀಟರಿನಿಂದ ಅಳೆದ ಫೋಟೋ ಎಂದುಕೊಳ್ಳಿ. ಹೆಡ್ ಸ್ಕೇಲ್ 48 ತೋರಿಸುತ್ತಿದೆ, ಅದರ ಅಂಚಿನಲ್ಲಿ 7ರ ಗೆರೆ ಇಣುಕುತ್ತಿದೆ. 7 + 0.48 = 7.48 ಎಂದು ಬರೆದರೆ ತಪ್ಪು. ಹೆಡ್ ಸೊನ್ನೆಗೆ ಬಂದಾಗ ಮಾತ್ರ ಆ ಗೆರೆ ದಾಟಿದಂತೆ ಲೆಕ್ಕ. 48 ಎಂದರೆ ಸುತ್ತು ಮುಗಿಯಲು ಇನ್ನೂ ಎರಡು ಭಾಗ ಬಾಕಿ. ಗೆರೆಗೆ ದಪ್ಪವಿರುವುದರಿಂದ ಅದರ ಅಂಚು ಮೊದಲೇ ಕಾಣಿಸಿಕೊಂಡಿದೆ. ಓದು 6.5 + 0.48 = 6.98. ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಕ್ಯಾಮೆರಾ ಹೆಡ್ ಇರುವ ಬದಿಯಿಂದ ನೋಡುತ್ತಿದ್ದರೆ ಹೆಡ್‌ನ ಅಂಚು ಆಗಷ್ಟೇ ದಾಟಿದ ಗೆರೆಯನ್ನು ಮರೆಮಾಡುತ್ತದೆ. ಹೆಡ್ 2 ಅಥವಾ 3 ತೋರಿಸುತ್ತಿದ್ದು, ಅಂಚಿನ ಹತ್ತಿರ ಗೆರೆ ಕಾಣದಿದ್ದರೆ ಅದು ಮರೆಯಲ್ಲಿದೆ ಎಂದೇ ತಿಳಿಯಿರಿ. ಎರಡೂ ಸಂದರ್ಭದಲ್ಲಿ ತೀರ್ಪು ಕೊಡುವುದು ಹೆಡ್ ಸ್ಕೇಲಿನ ಅಂಕಿ, ಅಂಚಿನಲ್ಲಿ ಕಂಡ ಗೆರೆ ಅಲ್ಲ.

ಮುಚ್ಚಿದಾಗಲೂ ಹೆಡ್ 48 ತೋರಿಸಿದರೆ ಶೂನ್ಯ ದೋಷ −0.5 + 0.48 = −0.02. ಅಗಲ 6.98 − (−0.02) = 7.00. ಹೆಡ್‌ನ ಸೊನ್ನೆ ಆಧಾರ ರೇಖೆಯ ಮೇಲಿದ್ದರೆ ಒಂದು ಚಿಹ್ನೆ, ಕೆಳಗಿದ್ದರೆ ಇನ್ನೊಂದು ಎಂದು ಕಲಿತಿರುವವರು ಫೋಟೋಗಳ ವಿಷಯದಲ್ಲಿ ಆ ನಿಯಮವನ್ನು ಬದಿಗಿಡುವುದು ಒಳ್ಳೆಯದು. ಚಿತ್ರ ತಲೆಕೆಳಗಾಗಿ ಬಂದರೆ ಮೇಲಿನದು ಕೆಳಗಾಗುತ್ತದೆ, ಅಂಕಿಗಳ ಕ್ರಮ ಮಾತ್ರ ಬದಲಾಗುವುದಿಲ್ಲ. ಮುಚ್ಚುವಾಗ ರ‍್ಯಾಚೆಟ್ ಕಿಟಕಿಟ ಎನ್ನುವವರೆಗೆ ಮಾತ್ರ ತಿರುಗಿಸಿದ್ದರೇ ಎಂದು ಕೇಳಿಕೊಳ್ಳಿ. ಹೆಡ್ ಹಿಡಿದೇ ಬಿಗಿದಿದ್ದರೆ ಇಲ್ಲದ ಋಣ ದೋಷ ಹುಟ್ಟಿಕೊಳ್ಳುತ್ತದೆ.

ಯಾವ ಫೋಟೋವನ್ನು ಓದಲೇಬಾರದು

ಮುಚ್ಚಿದ ದವಡೆಯ ಫೋಟೋ ಇಲ್ಲದೆ ಬಂದ ಅಳತೆಯ ಫೋಟೋದಿಂದ ಸಿಗುವುದು ಓದು ಮಾತ್ರ. ಅದನ್ನು ಅಳತೆ ಎಂದು ಬರೆಯಬೇಡಿ. ಬೇರೆ ದಿನದ ಅಥವಾ ಬೇರೆ ಉಪಕರಣದ ಶೂನ್ಯ ದೋಷವನ್ನು ಹಾಕಿ ಸರಿಮಾಡಲೂ ಹೋಗಬೇಡಿ. ವರ್ನಿಯರ್‌ನ ಎರಡು ತುದಿಗಳಲ್ಲಿ ಒಂದು ಚೌಕಟ್ಟಿನ ಹೊರಗಿದ್ದರೆ, ಕೂಡುವ ಗೆರೆ ಚಿತ್ರದ ನಡುವೆ ಇದ್ದಾಗ ಮಾತ್ರ ಸ್ವೀಕರಿಸಿ, ಏಕೆಂದರೆ ತುದಿಗಳನ್ನು ಹೋಲಿಸಿ ಪರೀಕ್ಷಿಸುವ ದಾರಿ ಅಲ್ಲಿ ಮುಚ್ಚಿರುತ್ತದೆ. ದವಡೆ ಬೇರಿಂಗನ್ನು ನೇರವಾಗಿ ಹಿಡಿದಿದೆಯೇ ಎಂಬುದು ಸ್ಕೇಲಿನ ಚಿತ್ರದಲ್ಲಿ ಕಾಣುವುದಿಲ್ಲ, ಅದಕ್ಕೆ ಇಡೀ ಉಪಕರಣ ಕಾಣುವ ಒಂದು ಫೋಟೋ ಬೇಕು.

ಹುಡುಗ ನಾಲ್ಕನೇ ಫೋಟೋ ತೆಗೆದದ್ದು ಫೋನನ್ನು ಮೇಜಿನ ಮೇಲಿನ ಪುಸ್ತಕಗಳ ಎತ್ತರಕ್ಕೆ ಆನಿಸಿ, 9 ಮತ್ತು 10ರ ನಡುವಿನ ಗೆರೆಗಳನ್ನು ಚೌಕಟ್ಟಿನ ಮಧ್ಯಕ್ಕೆ ತಂದು. ರೆಕಾರ್ಡಿನಲ್ಲಿ ಅವನು ಮೂರು ಅಂಕಿಗಳನ್ನೂ ಬೇರೆಬೇರೆಯಾಗಿ ಬರೆದ: ಶೂನ್ಯ ದೋಷ −0.06, ಓದು 21.94, ತಿದ್ದಿದ ಅಳತೆ 22.00 ಮಿ.ಮೀ.